ಅಮ್ಮನಿಗೆ ಬರೆಯುವ ಪತ್ರದಲ್ಲಿ ‘ಆಗಲಿಲ್ಲ’ ಎಂಬ ಮಾತು

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನಲ್ಲಿ ಕೆಲಸ. ಮದುವೆಯಾಗಿ ನಾಲ್ಕು ವರ್ಷವಾಯಿತು. ಅಪ್ಪ ಇಲ್ಲ. ಅಮ್ಮ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಒಂದು ಎಕರೆ ಅಡಿಕೆ ತೋಟ ನೋಡಿಕೊಂಡು ಒಬ್ಬಳೇ ಇದ್ದಾಳೆ. ಮದುವೆಯ ನಂತರ ನಾನು ಕೊಯ್ಲಿಗೆ ಹೋಗುವುದನ್ನೇ ಬಿಟ್ಟೆ. ಕಳೆದ ವರ್ಷ ಅವಳ ಕಣ್ಣಿನ ಪೊರೆ ತೆಗೆಸಿದಾಗಲೂ ಹಣ ಕಳಿಸಿ ಸುಮ್ಮನಾದೆ. ಕರೆದುಕೊಂಡು ಹೋದವರು ಪಕ್ಕದ ಮನೆಯವರು. ಹೆಂಡತಿ ಎಂದೂ ತಡೆದವಳಲ್ಲ, ಅಮ್ಮ ಎಂದೂ ದೂರಿದವಳಲ್ಲ. ಕ್ಷಮೆ ಕೇಳಲು ಕುಳಿತರೆ ಇಷ್ಟೇ ಬರುತ್ತದೆ: ‘ಮಾತೃಶ್ರೀಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಮದುವೆಯಾದ ಮೇಲೆ ಜವಾಬ್ದಾರಿ ಹೆಚ್ಚಿ ಬರಲಾಗಲಿಲ್ಲ. ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ.’ ಓದಿದರೆ ನನಗೇ ಸಮಾಧಾನವಿಲ್ಲ. ಹೇಗೆ ಬರೆಯಲಿ?

ಉತ್ತರ: ನಿಮ್ಮ ಅಸಮಾಧಾನ ಸರಿಯಾಗಿಯೇ ಇದೆ, ಮತ್ತು ಅದರ ಕಾರಣ ಆ ಮೂರು ವಾಕ್ಯಗಳ ಒಳಗೇ ಇದೆ. ‘ಬರಲಾಗಲಿಲ್ಲ’ ಎಂದು ಬರೆದಿದ್ದೀರಿ. ನಮ್ಮ ಭಾಷೆಯಲ್ಲಿ ‘ಆಗಲಿಲ್ಲ’ ಎನ್ನುವುದು ಮಳೆಯಿಂದ ಸೇತುವೆ ಮುಳುಗಿದಾಗ, ಜ್ವರ ಬಂದು ಮಲಗಿದಾಗ ಆಡುವ ಮಾತು; ಅಲ್ಲಿ ಮನುಷ್ಯನ ಕೈಯಲ್ಲಿ ಏನೂ ಇರುವುದಿಲ್ಲ. ನಾಲ್ಕು ವರ್ಷ ನಿಮ್ಮ ಕೈಯಲ್ಲಿ ಏನೂ ಇರಲಿಲ್ಲವೆಂದು ನೀವೂ ನಂಬುವುದಿಲ್ಲ, ನಿಮ್ಮ ತಾಯಿಯೂ ನಂಬುವುದಿಲ್ಲ. ‘ಬರಲಿಲ್ಲ’ ಎಂದು ಬರೆಯಿರಿ. ಬರೆಯುವಾಗ ಕೈ ಒಂದು ಕ್ಷಣ ನಿಂತರೆ, ಪತ್ರ ಶುರುವಾಗಬೇಕಾದ ಜಾಗ ಅದೇ ಎಂದು ತಿಳಿಯಿರಿ. ಆಡುಮಾತಿನ ‘ತಪ್ಪಾಯ್ತಮ್ಮ’ ಕೂಡ ಇದೇ ಜಾತಿಯದು: ಬಾಯಲ್ಲಿ ಹೇಳುವಾಗ ಮುಖ, ಧ್ವನಿಗಳು ಜೊತೆಗಿರುವುದರಿಂದ ಅದು ನಿಲ್ಲುತ್ತದೆ, ಕಾಗದದ ಮೇಲೆ ಅಷ್ಟನ್ನೇ ಬರೆದರೆ ತಪ್ಪು ತನ್ನಷ್ಟಕ್ಕೆ ತಾನೇ ನಡೆದುಹೋದಂತೆ ಕಾಣುತ್ತದೆ.

‘ನೋವಾಗಿದ್ದರೆ’ ಎಂಬುದನ್ನೂ ತೆಗೆದುಬಿಡಿ. ನೋವಾಗಿದೆಯೋ ಇಲ್ಲವೋ ಎಂಬ ಸಂಶಯವನ್ನು ಆ ‘ದ್ದರೆ’ ಉಳಿಸುತ್ತದೆ. ಕಣ್ಣಿನ ಆಪರೇಷನ್ ಆದ ತಾಯಿಯ ಬಳಿ ಮಗ ಇರಲಿಲ್ಲವೆಂದರೆ ಅಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಇನ್ನು ಸಂಬೋಧನೆ. ಮಾತೃಶ್ರೀ, ಸಾಷ್ಟಾಂಗ, ಕ್ಷೇಮ ಸಮಾಚಾರ ಎಂಬ ಹಳೆಯ ಒಕ್ಕಣೆಯ ಬಗ್ಗೆ ನನಗೆ ಗೌರವವಿದೆ. ಆದರೆ ಹುಟ್ಟಿದಾಗಿನಿಂದ ‘ನೀನು’ ಎಂದು ಕರೆದ ಅಮ್ಮನನ್ನು, ಕ್ಷಮೆ ಕೇಳುವ ಹೊತ್ತಿಗೆ ಸರಿಯಾಗಿ ‘ನೀವು’ ಎಂದರೆ, ಅವರು ಅದನ್ನು ಗೌರವವೆಂದು ಓದುವುದಿಲ್ಲ. ಮಗ ಇನ್ನೂ ಒಂದು ಮೆಟ್ಟಿಲು ದೂರ ಹೋದನೆಂದು ಓದುತ್ತಾರೆ.

‘ಮದುವೆಯಾದ ಮೇಲೆ’ ಎಂಬ ಮಾತಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚು ಹಾನಿ ಮಾಡುವುದು ಅದೇ. ನೀವು ಅದನ್ನು ಕಾಲಸೂಚಕವಾಗಿ ಬರೆದಿದ್ದೀರಿ. ಓದುವವರು ಕಾರಣವಾಗಿ ಓದುತ್ತಾರೆ. ತಾಯಿಗೆ ಈಗ ಕಣ್ಣು ಮಂಜಾಗಿದ್ದರೆ ಪಕ್ಕದ ಮನೆಯವರೇ ಪತ್ರ ಓದಿ ಹೇಳಬಹುದು, ಆಗ ಸೊಸೆಯಿಂದಾಗಿ ಹೀಗಾಯಿತಂತೆ ಎಂಬ ಮಾತು ಸಂಜೆಯೊಳಗೆ ಊರಿಡೀ ಹರಡೀತು. ನಿಮ್ಮ ತಪ್ಪಿನ ಭಾರ ಒಂದು ಅಕ್ಷರದಷ್ಟೂ ನಿಮ್ಮ ಪತ್ನಿಯ ಮೇಲೆ ಬೀಳಬಾರದು. ಪತ್ರ ಬರೆಯುತ್ತಿರುವುದನ್ನು ಅವರಿಗೆ ತಿಳಿಸಿ, ಬೇಕಾದರೆ ಓದಲು ಕೊಡಿ, ಆದರೆ ಕೆಳಗೆ ಅವರ ಸಹಿ ಹಾಕಿಸಬೇಡಿ.

ನಿಮ್ಮ ಜಾಗದಲ್ಲಿ ನಿಂತು ನಾನು ಬರೆದುನೋಡಿದ್ದು ಹೀಗಿದೆ. ಇದನ್ನು ನಕಲು ಮಾಡಬೇಡಿ. ಇಲ್ಲಿನ ವಿವರಗಳಲ್ಲಿ ನಿಮಗೆ ನಿಜವಲ್ಲದ್ದನ್ನು ತೆಗೆದು ನಿಜವಾದದ್ದನ್ನು ಇಡಿ.

‘ಅಮ್ಮ, ಹೋದ ವರ್ಷ ನಿನ್ನ ಕಣ್ಣಿನ ಆಪರೇಷನ್ ಆದ ದಿನ ನಾನು ಬರಲಿಲ್ಲ. ರಜೆ ಕೇಳಿದ್ದರೆ ಸಿಗುತ್ತಿತ್ತು, ಕೇಳಲೇ ಇಲ್ಲ. ಹಣ ಕಳಿಸಿದೆನಲ್ಲ, ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಆಮೇಲೆ ವಾರಗಟ್ಟಲೆ ನಿನ್ನ ಕಣ್ಣಿಗೆ ಹನಿ ಹಾಕಿದವರು ಯಾರು, ಬಗ್ಗಬಾರದು, ಭಾರ ಎತ್ತಬಾರದು ಎಂದಿದ್ದಾಗ ನೀರು ತಂದವರು ಯಾರು ಎಂದು ಒಂದು ದಿನವೂ ವಿಚಾರಿಸಲಿಲ್ಲ. ಪಕ್ಕದ ಮನೆಯವರು ಮಾಡಿದ್ದು ನಾನು ಮಾಡಬೇಕಾಗಿದ್ದ ಕೆಲಸ.

‘ನಾಲ್ಕು ಕೊಯ್ಲು ಕಳೆದವು, ಒಂದಕ್ಕೂ ನಾನು ಬರಲಿಲ್ಲ. ಕೊನೆಗಾರನಿಗೆ ಹೇಳಿಕಳಿಸುವುದು, ಸುಲಿಯುವವರಿಗೆ ಊಟ ಹಾಕುವುದು, ಮೋಡ ಕಂಡರೆ ಒಣಹಾಕಿದ ಅಡಿಕೆಯನ್ನು ಓಡಿ ಒಳಗೆ ತರುವುದು, ಎಲ್ಲವನ್ನೂ ನಿನ್ನೊಬ್ಬಳ ಮೇಲೆ ಬಿಟ್ಟೆ. ಫೋನಿನಲ್ಲಿ ನೀನು “ಎಲ್ಲ ಆಗ್ತದೆ ಮಗಾ, ನೀ ನಿನ್ನ ಕೆಲಸ ನೋಡ್ಕೋ” ಎನ್ನುತ್ತಿದ್ದೆ. ಅದನ್ನು ನಂಬುವುದು ನನಗೆ ಅನುಕೂಲವಾಗಿತ್ತು, ನಂಬಿದೆ.

‘ಇದರಲ್ಲಿ ಬೇರೆ ಯಾರ ಪಾಲೂ ಇಲ್ಲ. ತಪ್ಪು ಮಾಡಿದವನು ನಾನು. ಕ್ಷಮಿಸು.

‘ಈ ಸಲ ಕೊಯ್ಲಿಗೆ ಐದು ದಿನ ಬರುತ್ತೇನೆ, ರಜೆಗೆ ಹೇಳಿದ್ದೇನೆ. ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ. ಈ ಕಾಗದಕ್ಕೆ ನೀನು ಉತ್ತರ ಕೊಡಲೇಬೇಕೆಂದಿಲ್ಲ. ನಿನ್ನ ಮಗ.’

ಇದರಲ್ಲಿ ಎರಡು ಸಂಗತಿಗಳನ್ನು ಬೇಕೆಂದೇ ಇಟ್ಟಿದ್ದೇನೆ. ಒಂದು, ಕಣ್ಣಿನ ಹನಿ. ಪೊರೆ ತೆಗೆದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಮೊದಮೊದಲು ದಿನಕ್ಕೆ ಹಲವು ಬಾರಿ, ಹನಿ ಹಾಕಬೇಕಾಗುತ್ತದೆ. ವಯಸ್ಸಾದವರಿಗೆ ತಮ್ಮ ಕಣ್ಣಿಗೆ ತಾವೇ ಗುರಿಯಿಟ್ಟು ಹಾಕಿಕೊಳ್ಳುವುದು ಕಷ್ಟ. ನಿಮ್ಮ ತಾಯಿಯ ಪಾಲಿಗೆ ನಿಮ್ಮ ಗೈರುಹಾಜರಿ ಎಂದರೆ ಆಪರೇಷನ್ನಿನ ಒಂದು ದಿನವಲ್ಲ, ಆ ಅಷ್ಟೂ ವಾರಗಳು. ಅದನ್ನು ನೀವು ಹೆಸರಿಟ್ಟು ಹೇಳಿದಾಗ, ಯಾವುದಕ್ಕೆ ಕ್ಷಮೆ ಕೇಳುತ್ತಿದ್ದೇನೆಂಬುದು ಮಗನಿಗೆ ಗೊತ್ತಿದೆ ಎಂದು ಅವರಿಗೆ ತಿಳಿಯುತ್ತದೆ. ಇನ್ನೊಂದು, ಕೊಟ್ಟ ಮಾತಿನ ಅಳತೆ. ದಿನವೂ ಫೋನ್ ಮಾಡುತ್ತೇನೆ, ತಿಂಗಳಿಗೊಮ್ಮೆ ಬರುತ್ತೇನೆ ಎಂದು ಬರೆಯುವ ಉತ್ಸಾಹ ಈಗ ಬರುತ್ತದೆ. ಮೂರನೆಯ ವಾರ ಅದು ತಪ್ಪಿದರೆ ಪತ್ರವೂ ಸುಳ್ಳಾಗುತ್ತದೆ. ‘ಬೆಂಗಳೂರಿಗೆ ಬಂದು ನಮ್ಮ ಜೊತೆಗೇ ಇರು’ ಎಂದೂ ಇದರಲ್ಲಿ ಸೇರಿಸಬೇಡಿ. ಅದು ಅವರ ಮನೆ, ತೋಟ, ಬದುಕನ್ನೆಲ್ಲ ಬಿಡಿಸುವ ಪ್ರಶ್ನೆ. ನಿಮ್ಮ ಪಶ್ಚಾತ್ತಾಪಕ್ಕೆ ಅವರು ಬೆಲೆ ತೆರಬೇಕಾಗಿಲ್ಲ. ಲಕೋಟೆಯೊಳಗೆ ಹಣವೂ ಬೇಡ, ಏಕೆಂದರೆ ಕಳೆದ ವರ್ಷ ನಿಮ್ಮ ಬದಲು ಬಂದದ್ದು ಹಣವೇ.

ಕೈಯಲ್ಲೇ ಬರೆಯಿರಿ, ಅಕ್ಷರ ದಪ್ಪವಾಗಿರಲಿ, ಸಾಲುಗಳ ನಡುವೆ ಜಾಗ ಬಿಡಿ. ಊರಿಗೆ ಹೋದಾಗ ಕೈಗೆ ಕೊಡುವ ಬದಲು, ಹೋಗುವುದಕ್ಕೆ ಹತ್ತು ದಿನ ಮೊದಲೇ ಅಂಚೆಗೆ ಹಾಕಿ. ಎದುರಿಗೆ ನಿಂತು ಕೊಟ್ಟರೆ ನಿಮ್ಮ ಸಂಕೋಚವನ್ನು ಸಂತೈಸುವ ಕೆಲಸವೂ ಅವರ ಮೇಲೆಯೇ ಬೀಳುತ್ತದೆ. ಒಬ್ಬರೇ ಇದ್ದಾಗ ಓದಿದರೆ ಅಳಬಹುದು, ಸಿಟ್ಟಾಗಬಹುದು, ಮಡಿಚಿಟ್ಟು ಮತ್ತೆ ತೆಗೆದು ಓದಬಹುದು.

ಆ ಭಾನುವಾರ ಫೋನಿನಲ್ಲಿ ಅವರು ಬಹುಶಃ ‘ಅದೆಲ್ಲ ಏನಿಲ್ಲ ಬಿಡು, ಊಟ ಆಯ್ತಾ?’ ಎಂದಷ್ಟೇ ಹೇಳುತ್ತಾರೆ. ವಿಷಯ ಮುಗಿಯಿತೆಂದು ಭಾವಿಸಬೇಡಿ. ನೀವು ಹೋದ ಮೂರನೆಯ ದಿನವೋ ನಾಲ್ಕನೆಯ ದಿನವೋ, ರಾತ್ರಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕುಳಿತಾಗ, ಅವರು ತಲೆಯೆತ್ತದೆ ‘ಆವತ್ತು ನೀ ಬರ್ತೀಯ ಅಂದ್ಕೊಂಡಿದ್ದೆ’ ಎಂದಾರು. ಆಗ ಆಫೀಸಿನ ಕಥೆ ತೆಗೆಯಬೇಡಿ, ‘ಬರೆದಿದ್ದೆನಲ್ಲ’ ಎಂದೂ ಅನ್ನಬೇಡಿ. ‘ಹೌದಮ್ಮ, ಬರಬೇಕಿತ್ತು’ ಎಂದು ಹೇಳಿ, ಅವರು ಇನ್ನೇನು ಹೇಳುತ್ತಾರೋ ಕೇಳಿಸಿಕೊಳ್ಳುತ್ತ ಅಲ್ಲಿಯೇ ಕುಳಿತಿರಿ.