ಆನ್‌ಲೈನ್ ಒತ್ತಿದ ಕ್ಷಣದಲ್ಲೇ ಹಂಚಿಕೆ ಶುರು

ಪ್ರಶ್ನೆ: ನಮ್ಮ ಸಪೋರ್ಟ್ ಟೀಮಿನ ಮೂವರೂ ಬೆಳಿಗ್ಗೆ 9ರ ಆಸುಪಾಸಿನಲ್ಲಿ ಲಾಗಿನ್ ಆಗುತ್ತೇವೆ. ರಾತ್ರಿ ಬಂದ ತುರ್ತು ಟಿಕೆಟ್‌ಗಳೆಲ್ಲ ದಿನವೂ ಒಬ್ಬರ ಪಾಲಿಗೇ ಬೀಳುತ್ತವೆ. ನಾನು ಆನ್‌ಲೈನ್ ಇದ್ದರೂ ಒಂದೇ ಒಂದು ಬರುತ್ತದೆ. ಸಿಸ್ಟಮ್ ಯಾವ ಲೆಕ್ಕದಲ್ಲಿ ಹಂಚುತ್ತಿದೆ?

ಉತ್ತರ: ಯಾರು ಮೊದಲು ಆನ್‌ಲೈನ್ ಆದರು, ಆ ಹೊತ್ತಿಗೆ ಅವರ ಕೈಯಲ್ಲಿ ಎಷ್ಟು ಟಿಕೆಟ್ ಓಪನ್ ಇತ್ತು ಎಂಬುದರ ಮೇಲೆಯೇ ಬಹುಪಾಲು ಹಂಚಿಕೆ ನಿಂತಿದೆ. ಟಿಕೆಟ್ ತಾನಾಗಿ ಹಂಚುವ ಸಿಸ್ಟಮ್‌ಗಳು ಸಾಮಾನ್ಯವಾಗಿ ಕ್ಯೂವನ್ನು ಆದ್ಯತೆಯ ಪ್ರಕಾರ ಜೋಡಿಸುತ್ತವೆ. ಒಂದೇ ಆದ್ಯತೆಯವುಗಳಲ್ಲಿ ಹಳೆಯದು ಮುಂದೆ. ರಾತ್ರಿ ಯಾರೂ ಇಲ್ಲದ ಕಾರಣ ಅವು ಹಾಗೆಯೇ ಕಾದಿರುತ್ತವೆ. ಬೆಳಿಗ್ಗೆ ಮೊದಲ ಏಜೆಂಟ್ ಸ್ಟೇಟಸ್ ಬದಲಿಸಿದ ಕೂಡಲೇ ಅವರ ಮಿತಿ ತುಂಬುವವರೆಗೆ ಕ್ಯೂವಿನ ಮುಂಭಾಗ ಖಾಲಿಯಾಗುತ್ತದೆ. ಇನ್ನಿಬ್ಬರು ಐದು ನಿಮಿಷದಲ್ಲಿ ಬರುತ್ತಾರೆಂದು ಸಿಸ್ಟಮ್ ಕಾಯುವುದಿಲ್ಲ.

ಒಂದು ಉದಾಹರಣೆ ನೋಡಿ. ಕ್ಯೂನಲ್ಲಿ 9 ಇಮೇಲ್ ಟಿಕೆಟ್‌ಗಳಿವೆ: 2 ತುರ್ತು, 3 ಹೆಚ್ಚು ಆದ್ಯತೆಯವು, 4 ಸಾಮಾನ್ಯ. ಒಬ್ಬೊಬ್ಬರ ಇಮೇಲ್ ಮಿತಿ 4. ಕೈಯಲ್ಲಿ ಏನೂ ಇಲ್ಲದ ಮೊದಲನೆಯವರು 8:55ಕ್ಕೆ ಆನ್‌ಲೈನ್ ಆಗುತ್ತಾರೆ. ಎರಡೂ ತುರ್ತು ಟಿಕೆಟ್, ಜೊತೆಗೆ ಹೆಚ್ಚು ಆದ್ಯತೆಯ ಎರಡು ಅವರಿಗೆ ಹೋಗುತ್ತವೆ. 9:00ಕ್ಕೆ ನೀವು ಬರುತ್ತೀರಿ. ನಿನ್ನೆಯ 3 ಟಿಕೆಟ್ ನಿಮ್ಮ ಹೆಸರಿನಲ್ಲಿ ಇನ್ನೂ ಓಪನ್ ಇವೆ, ಹಾಗಾಗಿ ಉಳಿದ ಜಾಗ ಒಂದೇ. ಹೆಚ್ಚು ಆದ್ಯತೆಯ ಕೊನೆಯ ಟಿಕೆಟ್ ನಿಮಗೆ ಬಂದು ಮಿತಿ ತುಂಬಿತು. 9:05ಕ್ಕೆ ಬಂದ ಮೂರನೆಯವರಿಗೆ ನಾಲ್ಕೂ ಸಾಮಾನ್ಯ ಟಿಕೆಟ್.

ನಿಮ್ಮ ಆ ಮೂರರಲ್ಲಿ ಎರಡು ಗ್ರಾಹಕರ ಉತ್ತರಕ್ಕಾಗಿ ಕಾಯುತ್ತಿದ್ದವು ಎಂದುಕೊಳ್ಳಿ. ಅವನ್ನು ಪೆಂಡಿಂಗ್‌ಗೆ ಹಾಕಿದ್ದರೆ, ಓಪನ್ ಟಿಕೆಟ್ ಮಾತ್ರ ಎಣಿಸುವ ಸಿಸ್ಟಮ್‌ನಲ್ಲಿ ನಿಮಗೆ ಮೂರು ಜಾಗ ಸಿಗುತ್ತಿತ್ತು. ಹೆಚ್ಚು ಆದ್ಯತೆಯ ಒಂದು, ಸಾಮಾನ್ಯ ಎರಡು ನಿಮಗೆ ಬಂದು, ಮೂರನೆಯವರಿಗೆ ಎರಡೇ ಉಳಿಯುತ್ತಿದ್ದವು. ಆದ್ದರಿಂದ ನಿನ್ನೆಯ ಟಿಕೆಟ್‌ಗಳ ಸ್ಥಿತಿಯನ್ನು ಆನ್‌ಲೈನ್ ಆಗುವ ಮೊದಲೇ ಸರಿಪಡಿಸಿ. ನೀವು ಆನ್‌ಲೈನ್ ಆದ ಮೇಲೆ ಜಾಗ ಬಿಡಿಸಿಕೊಳ್ಳುವಷ್ಟರಲ್ಲಿ ಕ್ಯೂ ಬರಿದಾಗಿರಬಹುದು. ಕೆಲವು ಸಿಸ್ಟಮ್‌ಗಳು ಟಿಕೆಟ್‌ನ ಸ್ಥಿತಿಯನ್ನಲ್ಲ, ತೆರೆದಿಟ್ಟ ಟ್ಯಾಬ್‌ಗಳನ್ನು ಎಣಿಸುತ್ತವೆ. ಅಲ್ಲಿ ಟ್ಯಾಬ್ ಮುಚ್ಚಿದರೆ ಜಾಗ ಬಿಡುತ್ತದೆ, ಕೆಲಸ ಮುಗಿಯದಿದ್ದರೂ ಸರಿ. ಅಂಥ ಕಡೆ ಬೆಳಿಗ್ಗೆ ಲೆಕ್ಕ ಸೊನ್ನೆಯಿಂದ ಶುರುವಾಗಿ, ನಿನ್ನೆಯ ಬಾಕಿಯ ಮೇಲೆ ಹೊಸದಾಗಿ ಪೂರ್ತಿ ಮಿತಿಯಷ್ಟು ಬಂದು ಬೀಳುತ್ತದೆ. ನಿಮ್ಮದು ಯಾವ ಬಗೆ ಎಂದು ಅಡ್ಮಿನ್‌ರನ್ನು ಕೇಳಿ ತಿಳಿದುಕೊಳ್ಳುವುದು ಅಗತ್ಯ.

ಸ್ಟೇಟಸ್ ಎಂದರೆ ಇದೆ–ಇಲ್ಲ ಎಂಬ ಎರಡೇ ಸ್ಥಿತಿಯಲ್ಲ. ಚಾಟ್, ಇಮೇಲ್, ಕರೆ ಒಂದೊಂದಕ್ಕೂ ಬೇರೆ ಬೇರೆ ಸ್ಟೇಟಸ್ ಇಡಲು ಎಷ್ಟೋ ಕಡೆ ಅವಕಾಶವಿದೆ. ಚಾಟ್‌ಗೆ ಮಾತ್ರ ಸಂಬಂಧಿಸಿದ ಸ್ಟೇಟಸ್ ಆರಿಸಿಕೊಂಡವರಿಗೆ ಇಮೇಲ್ ಕ್ಯೂ ಎಷ್ಟೇ ಬೆಳೆದರೂ ಅದರಿಂದ ಒಂದೂ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಅವರೂ ಆನ್‌ಲೈನ್ ಇದ್ದಂತೆಯೇ ಕಾಣುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ಬಂದು ಸೇರಿದ ಇಮೇಲ್ ಟಿಕೆಟ್, ನೀವು Away ಅಥವಾ ಆಫ್‌ಲೈನ್ ಸ್ಟೇಟಸ್‌ಗೆ ಹೋದ ಮಾತ್ರಕ್ಕೆ ಸಾಮಾನ್ಯವಾಗಿ ಕ್ಯೂಗೆ ಹಿಂದಿರುಗುವುದಿಲ್ಲ. ಸ್ಟೇಟಸ್ ತಡೆಯುವುದು ಮುಂದೆ ಬರುವುದನ್ನು ಮಾತ್ರ. ಲಾಗಿನ್ ಆಗಿ ಆನ್‌ಲೈನ್ ಒತ್ತಿ ಮೀಟಿಂಗ್‌ಗೆ ಎದ್ದು ಹೋಗುವ ಅಭ್ಯಾಸ ಇದಕ್ಕಾಗಿಯೇ ಅಪಾಯಕಾರಿ. ರಾತ್ರಿಯಿಂದ ಕಾದ ತುರ್ತು ಟಿಕೆಟ್ ಇನ್ನೂ ಅರ್ಧ ಗಂಟೆ ಯಾರೂ ತೆರೆಯದೆ ಕೂರುತ್ತದೆ, ಪಕ್ಕದಲ್ಲಿ ಬಿಡುವಾಗಿರುವವರಿಗೂ ಸಿಗುವುದಿಲ್ಲ. ಚಾಟ್‌ನ ರೀತಿ ಬೇರೆ. ನಿಗದಿತ ಅವಧಿಯಲ್ಲಿ ಸ್ವೀಕರಿಸದಿದ್ದರೆ ಅದು ಬೇರೆಯವರಿಗೆ ಹೋಗುವಂತೆ ಸಾಮಾನ್ಯವಾಗಿ ಹೊಂದಿಸಿರುತ್ತಾರೆ, ಕೆಲವು ಕಡೆ ಸಿಸ್ಟಮ್ ನಿಮ್ಮ ಸ್ಟೇಟಸ್ಸನ್ನೂ ಬದಲಿಸಿಬಿಡುತ್ತದೆ. ಆಮೇಲೆ ನೀವು ಕೂತೇ ಇದ್ದರೂ ಏನೂ ಬರುವುದಿಲ್ಲ.

ಅನುಮಾನ ಇದ್ದರೆ ಟಿಕೆಟ್‌ನ ಇತಿಹಾಸದಲ್ಲಿ ಅದು ಹಂಚಿಕೆಯಾದ ಸಮಯ ನೋಡಿ, ಆ ಏಜೆಂಟ್‌ನ ಸ್ಟೇಟಸ್ ಲಾಗ್ ಪಕ್ಕದಲ್ಲಿಟ್ಟು ಹೋಲಿಸಿ. ಸ್ಟೇಟಸ್ ಬದಲಾದ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಟಿಕೆಟ್ ಒಟ್ಟಿಗೆ ಬಂದಿದ್ದರೆ ಮೊದಲು ಬಂದದ್ದೇ ಕಾರಣ. ಕ್ಯೂನಲ್ಲಿ ಟಿಕೆಟ್ ಇದ್ದು, ನೀವು ಆನ್‌ಲೈನ್ ಇದ್ದು, ಆದರೂ ಬರುತ್ತಿಲ್ಲವಾದರೆ ಮೊದಲು ನಿಮ್ಮ ಓಪನ್ ಸಂಖ್ಯೆ, ನಂತರ ಆ ಚಾನೆಲ್‌ನ ಸ್ಟೇಟಸ್, ಅದೂ ಸರಿಯಿದ್ದರೆ ಆ ಕ್ಯೂಗೆ ನಿಮ್ಮ ಗುಂಪು ಸೇರಿದೆಯೇ, ಟಿಕೆಟ್ ಕೇಳುವ ಭಾಷೆ ಅಥವಾ ವಿಷಯದ ಕೌಶಲ ನಿಮ್ಮ ಹೆಸರಿಗಿದೆಯೇ ಎಂದು ಪರೀಕ್ಷಿಸಿ.

ತುರ್ತು ಮತ್ತು ಹೆಚ್ಚು ಆದ್ಯತೆಯ ಟಿಕೆಟ್‌ಗಳ ಹೊರೆ ಒಬ್ಬರ ಮೇಲೆಯೇ ಬೀಳುವುದನ್ನು ತಪ್ಪಿಸಬೇಕಾದರೆ ಟೀಮ್ ಲೀಡ್ ಮುಂದೆ ಎರಡು ದಾರಿಗಳಿವೆ. ಮೂವರೂ ಹಳೆಯದನ್ನು ಸರಿಪಡಿಸಿಕೊಂಡು ಒಂದೇ ನಿಮಿಷದಲ್ಲಿ ಆನ್‌ಲೈನ್ ಆಗುವುದು ಒಂದು. ಆದರೆ ಮೊದಲು ಒತ್ತಿದವರಿಗೆ ಕ್ಷಣಮಾತ್ರದಲ್ಲಿ ನಾಲ್ಕೂ ಹೋಗುವ ಸಿಸ್ಟಮ್‌ನಲ್ಲಿ ಇದರಿಂದ ಪ್ರಯೋಜನ ಕಡಿಮೆ. ನಮ್ಮ ಸಲಹೆ ಎರಡನೆಯದು: ಇಮೇಲ್ ಮಿತಿಯನ್ನು 4ರಿಂದ 2ಕ್ಕೆ ಇಳಿಸುವುದು. ಹಾಗೆ ಮಾಡಿದರೆ ಮೊದಲು ಬಂದವರಿಗೆ ಎರಡೂ ತುರ್ತು ಟಿಕೆಟ್ ಹೋದರೂ ಅವರ ಮೇಲೆ ಬೇರೆ ಹೊರೆ ಬೀಳುವುದಿಲ್ಲ, ಹೆಚ್ಚು ಆದ್ಯತೆಯ ಮೂರೂ ನಂತರ ಬಂದವರಿಗೆ ಉಳಿಯುತ್ತವೆ. ಒಂದನ್ನು ಮುಗಿಸಿದವರಿಗೆ ಮುಂದಿನದು ತಾನಾಗಿಯೇ ಬರುತ್ತದೆ.