‘ನೋಡೋಣ ಅಕ್ಕ’ ಎಂದರೆ ಒಪ್ಪಿದ ಹಾಗೆ

ನಿದ್ದೆ ಬರುತ್ತಿಲ್ಲ ಎಂದು ಸುಮಾ ನನ್ನ ಬಳಿ ಬಂದರು. ಹೆಸರು ಬದಲಿಸಿದ್ದೇನೆ. ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಬ್ಲೌಸ್ ಮೇಲೆ ಜರಿ, ಮಣಿ ಕೂರಿಸುವ ಆರಿ ವರ್ಕ್‌ಗೆ ಒಬ್ಬ ಹುಡುಗ ದಿನಗೂಲಿಗೆ ಬರುತ್ತಾನೆ.

ಹಳೆಯ ಗಿರಾಕಿಯೊಬ್ಬರು ಮಗಳ ಮದುವೆಗೆ ಐದು ಬ್ಲೌಸ್ ಕೇಳಿದ್ದರು. ಒಂದಕ್ಕೆ 3,500ರಂತೆ 17,500 ರೂಪಾಯಿ ಆಗುತ್ತಿತ್ತು. ಅವರು 10,000ಕ್ಕೆ ಮಾಡಿಕೊಡು ಎಂದು ವಾಟ್ಸಾಪ್ ಮಾಡಿದ್ದರು. ಸುಮಾ ‘ನೋಡೋಣ ಅಕ್ಕ’ ಎಂದು ಉತ್ತರಿಸಿ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಆಕೆ ‘ಸೀರೆ ಕಳಿಸ್ತಾ ಇದ್ದೀನಿ’ ಎಂದರು.

‘ನಾನು ಒಪ್ಪೇ ಇರ್ಲಿಲ್ಲ ಮೇಡಂ’ ಎಂದು ಸುಮಾ ಅತ್ತರು. ಆದರೆ ನಮ್ಮ ಕಡೆ ‘ನೋಡೋಣ’ ಎಂದರೆ ಅರ್ಧ ಒಪ್ಪಿದ ಹಾಗೆ, ಅಲ್ವಾ? ಹೇಳಿದವರಿಗೆ ಅದು ಬೇಡ ಎನ್ನುವ ಮೆತ್ತನೆಯ ಮಾತು. ಕೇಳಿದವರಿಗೆ ಅದು ಹೂಂ. ಗಿರಾಕಿ ಮೋಸ ಮಾಡಿರಲಿಲ್ಲ.

ಹಿಂದೆಯೂ ಸುಮಾ ಹೀಗೇ ಒಪ್ಪಿ, ರಾತ್ರಿಯೆಲ್ಲ ಸಿಟ್ಟಿನಲ್ಲಿ ಹೊಲಿದಿದ್ದರು. ಗಿರಾಕಿಯ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಇಲ್ಲ ಎಂದರೆ ಸಂಬಂಧವೇ ಕಡಿದುಹೋಗುತ್ತದೆ ಎಂಬ ಭಯ ಅವರದು. ಧೈರ್ಯ ತಂದುಕೋ ಎಂದರೆ ಆ ಭಯ ಹೋಗುವುದಿಲ್ಲ. ಮೊದಲು ಲೆಕ್ಕ ಬರೆಸಿದೆ.

ಒಂದು ಪೂರ್ತಿ ವರ್ಕ್ ಬ್ಲೌಸ್‌ಗೆ ಜರಿ, ಮಣಿ, ಲೈನಿಂಗ್ 700. ಹುಡುಗನಿಗೆ ಎರಡು ದಿನದ ಕೂಲಿ 1,400. ಬಾಡಿಗೆ, ಕರೆಂಟು 200. ಕೈಯಿಂದ ಹೋಗುವುದೇ 2,300. 3,500 ತೆಗೆದುಕೊಂಡರೆ ಸುಮಾಗೆ ಉಳಿಯುವುದು 1,200. ಗಿರಾಕಿ ಹೇಳಿದ ರೇಟಿಗೆ ಒಂದು ಬ್ಲೌಸ್ 2,000 ಆಗುತ್ತದೆ, ಅಂದರೆ ತಾನೇ 300 ಕೊಟ್ಟು ಹೊಲಿದಂತೆ. ಸುಮಾ ಆ ಹಾಳೆಯನ್ನು ತುಂಬಾ ಹೊತ್ತು ನೋಡುತ್ತಾ ಕುಳಿತರು.

ಈ ಲೆಕ್ಕ ಅವರಿಗಾಗಿ ಮಾತ್ರ. ಗಿರಾಕಿಗೆ ಕಳಿಸಬೇಡಿ ಎಂದೆ. ಕೂಲಿ ಇಷ್ಟು ಎಂದರೆ ‘ಕಡಿಮೆ ಕೂಲಿಯವನನ್ನು ಹುಡುಕು’ ಎನ್ನುತ್ತಾರೆ. ಒಂದೊಂದು ಸಾಲೂ ಚೌಕಾಸಿಗೆ ಸಿಗುತ್ತದೆ.

ಬದಲಿಗೆ ಏನು ಕೊಡಬಹುದು? ‘ಐದು ಸೀರೆಗೂ ಕುಚ್ಚು ಫ್ರೀ ಅಂತೀನಿ’ ಎಂದರು. ಒಂದು ಸೀರೆಗೆ ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಮೂರು ಗಂಟೆ ಎಂದರು. ಐದಕ್ಕೆ ಹದಿನೈದು ಗಂಟೆಯ ಬಿಟ್ಟಿ ಕೆಲಸ. ಅದು ಬೇರೆ ಹೆಸರಿನ ಡಿಸ್ಕೌಂಟ್ ಅಷ್ಟೇ, ಬಿಟ್ಟೆವು. ಹಣ ಕಡಿಮೆಯಾದರೆ ಕೆಲಸವೂ ಕಡಿಮೆಯಾಗಬೇಕು. ಕುತ್ತಿಗೆಗೆ ಮತ್ತು ತೋಳಿನ ಅಂಚಿಗೆ ಮಾತ್ರ ವರ್ಕ್ ಹಾಕಿದರೆ ಹುಡುಗನಿಗೆ ಒಂದೇ ದಿನ ಸಾಕು, ಜರಿ, ಮಣಿಯ ಖರ್ಚೂ ಇಳಿಯುತ್ತದೆ. ಅಂಥದ್ದಕ್ಕೆ 2,300 ತೆಗೆದುಕೊಂಡರೆ ಸುಮಾಗೆ 950 ಉಳಿಯುತ್ತದೆ.

ಅವರ ಮೊದಲ ಉತ್ತರದಲ್ಲಿ ಮೂರು ಸಲ ‘ಸಾರಿ ಅಕ್ಕ’ ಇತ್ತು. ಮಗುವಿನ ಫೀಸಿನ ಮಾತೂ ಇತ್ತು. ಎರಡನ್ನೂ ತೆಗೆಸಿದೆ. ಆದರೆ ‘ನೋಡೋಣ’ ಎಂದದ್ದು ಅವರದೇ ತಪ್ಪು, ಅದನ್ನು ಒಂದು ಸಲ ಒಪ್ಪಿಕೊಳ್ಳಲೇಬೇಕಿತ್ತು. ಕೊನೆಗೆ ಕಳಿಸಿದ್ದು ಇದು:

‘ಅಕ್ಕ, ಮದುವೆ ಬ್ಲೌಸ್‌ಗೆ ನಮ್ಮನ್ನೇ ಕೇಳಿದ್ದು ಖುಷಿ ಆಯ್ತು. ಅವತ್ತು ನೋಡೋಣ ಅಂದು ಸುಮ್ನಿದ್ದೆ, ಅದು ನನ್ನ ತಪ್ಪು. ಐದಕ್ಕೂ ಪೂರ್ತಿ ವರ್ಕ್ 10,000ಕ್ಕೆ ಮಾಡೋಕೆ ನನ್ನ ಕೈಲಿ ಆಗಲ್ಲ. ಮದುಮಗಳ ಎರಡಕ್ಕೆ ಪೂರ್ತಿ ವರ್ಕ್, ಉಳಿದ ಮೂರಕ್ಕೆ ಕುತ್ತಿಗೆ, ತೋಳಿಗೆ ಮಾತ್ರ ಹಾಕಿದ್ರೆ 13,900 ಆಗುತ್ತೆ. 10,000ದ ಒಳಗೇ ಆಗ್ಬೇಕು ಅಂದ್ರೆ ಒಂದು ಪೂರ್ತಿ, ಎರಡು ಅಂಚು ವರ್ಕ್, ಎರಡು ಪ್ಲೇನ್. ಅದಕ್ಕೆ 9,500. ಯಾವುದು ಬೇಕು ಅಂತ ಗುರುವಾರದೊಳಗೆ ಹೇಳಿ ಅಕ್ಕ, ಅಲ್ಲೀವರೆಗೂ ಬಟ್ಟೆ ಕತ್ತರಿಸಲ್ಲ.’

‘ಆಗಲ್ಲ’ ಎಂಬ ಮಾತು ಬೇಗ ಬರಬೇಕು, ಒಂದೇ ಸಲ ಬರಬೇಕು. ದಾರಿ ಎರಡಕ್ಕಿಂತ ಜಾಸ್ತಿ ಕೊಟ್ಟರೆ ಗಿರಾಕಿ ಮತ್ತೆ ಮೊದಲಿನ ಹತ್ತು ಸಾವಿರಕ್ಕೇ ಬರುತ್ತಾರೆ.

‘ಬೇರೆ ಕಡೆ 2,000ಕ್ಕೆ ಮಾಡ್ತಾರೆ’ ಎಂದು ಬಂದೇ ಬರುತ್ತದೆ ಎಂದಿದ್ದೆ. ಅದಕ್ಕೂ ಒಂದು ಸಾಲು ಬರೆದಿಟ್ಟಿದ್ದೆವು: ‘ಇರಬಹುದು ಅಕ್ಕ, ನನ್ನ ಕೈಲಿ ಆಗೋದು ಈ ಎರಡು.’ ಬೇರೆಯವರ ಕೆಲಸವನ್ನು ಹಳಿಯಬಾರದು. ಮೂರನೇ ಸಲ ಕೇಳಿದರೆ ಸೀರೆಗಳನ್ನು ಮಡಿಸಿ, ಮದುವೆಗೆ ಒಳ್ಳೆಯದಾಗಲಿ ಎಂದು ಹೇಳಿ ವಾಪಸ್ ಕಳಿಸುವುದು. ಇದಕ್ಕೆ ಸುಮಾ ಒಪ್ಪಲು ಒಂದು ವಾರವೇ ಹಿಡಿಯಿತು.

ಗಿರಾಕಿ ಎರಡು ದಿನ ಉತ್ತರ ಕೊಡಲಿಲ್ಲ. ಆ ಎರಡು ದಿನ ಸುಮಾ ನನಗೆ ನಾಲ್ಕು ಸಲ ಫೋನ್ ಮಾಡಿದರು. ಮತ್ತೆ ಮೆಸೇಜ್ ಕಳಿಸಬೇಡಿ ಎಂಬುದೊಂದೇ ನಾನು ಹೇಳಿದ್ದು. ಬುಧವಾರ ರಾತ್ರಿ ಉತ್ತರ ಬಂತು: ‘13,900ದ್ದೇ ಮಾಡು. ಕುಚ್ಚಿಗೆ ಎಷ್ಟಾಗುತ್ತೆ ಹೇಳು.’