9:3:3:1 ಬರ್ಲಿಲ್ಲ ಅಂದ್ರೆ ಲಿಂಕೇಜ್ ಅಂತ ಬರೆದುಬಿಡ್ಬಹುದಾ?

ಪ್ರಶ್ನೆ: ನಾನು ಸೆಕೆಂಡ್ ಪಿಯು, ಸೋಮವಾರಪೇಟೆ. ಡೈಹೈಬ್ರಿಡ್ ಕ್ರಾಸ್‌ಗೆ 16 ಮನೆ ಹಾಕೋಕೆ ಬರುತ್ತೆ, ಆದ್ರೆ ಲೆಕ್ಕದಲ್ಲಿ ಕೊಟ್ಟಿರೋ ನಂಬರ್ 9:3:3:1ಗೆ ಹೊಂದದೇ ಇದ್ರೆ ಜೀನ್ ಲಿಂಕ್ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?

ನಾನೂ ಇದ್ರಲ್ಲೇ ಮಾರ್ಕ್ಸ್ ಕಳ್ಕೊಂಡೋನು. ಪ್ರಿಪರೇಟರಿಯಲ್ಲಿ ನಂಬರ್ ಕಡೆ ಸರಿಯಾಗಿ ನೋಡದೆ 16 ಮನೆ ನೀಟಾಗಿ ಹಾಕಿ 9:3:3:1 ಅಂತ ಬರೆದು ಬಂದಿದ್ದೆ, ಸೊನ್ನೆ. ಆಗ ಮನೇಲಿ ಮೆಣಸು ಕುಯ್ಲು, ಕಣದಲ್ಲಿ ಒಣಹಾಕಿದ ಮೆಣಸು ಕಾಯ್ತಾ ಕೂತಿದ್ದಾಗ ದೊಡ್ಡಪ್ಪನ ಮಗಳು, ಜೆನೆಟಿಕ್ಸ್ ಎಮ್ಮೆಸ್ಸಿ ಮಾಡ್ತಿದ್ದ ಅಕ್ಕ, ಹಳೇ ಪೇಪರ್ ಮೇಲೆ ಬರೆದು ತೋರ್ಸಿದ್ದು ಇದು.

ಅವಳು ಹೇಳಿದ ಮೊದಲ ಮಾತು, ಎರಡು ಗುಣಾನ ಒಟ್ಟಿಗೆ ನೋಡ್ಬೇಡ, ಮೊದ್ಲು ಒಂದೊಂದಾಗಿ ಎಣಿಸು ಅಂತ. ಅವಳು ಕೊಟ್ಟ ಲೆಕ್ಕ ಬೇಟ್ಸನ್ ಮತ್ತು ಪನೆಟ್ ಸಿಹಿಬಟಾಣಿಯಲ್ಲಿ ಮಾಡಿದ್ದು (ಹೌದು, ಆ ಚೌಕದ ಪನೆಟ್ಟೇ, ಅವರ ಚೌಕ ಅವರಿಗೇ ಕೈಕೊಟ್ಟಿದ್ದು ಇಲ್ಲಿ). ನೇರಳೆ ಹೂ ಕೆಂಪಿಗೆ ಡಾಮಿನೆಂಟ್, ಉದ್ದ ಪೋಲನ್ ದುಂಡಗಿಂದಕ್ಕೆ ಡಾಮಿನೆಂಟ್. ನೇರಳೆ-ಉದ್ದ ಇರೋ ಶುದ್ಧ ಗಿಡಕ್ಕೂ ಕೆಂಪು-ದುಂಡು ಇರೋದಕ್ಕೂ ಕ್ರಾಸ್ ಮಾಡಿದ್ರೆ F2ನಲ್ಲಿ ಬಂದಿದ್ದು ನೇರಳೆ-ಉದ್ದ 4831, ನೇರಳೆ-ದುಂಡು 390, ಕೆಂಪು-ಉದ್ದ 393, ಕೆಂಪು-ದುಂಡು 1338, ಒಟ್ಟು 6952. 9:3:3:1 ಆಗಿದ್ರೆ ಸುಮಾರು 3911, 1304, 1304, 435 ಬರ್ಬೇಕಿತ್ತು.

ಈಗ ಬರೀ ಬಣ್ಣ ಎಣಿಸಿ. ನೇರಳೆ 5221, ಕೆಂಪು 1731, ಹತ್ರ ಹತ್ರ 3:1. ಬರೀ ಪೋಲನ್ ಎಣಿಸಿದ್ರೆ ಉದ್ದ 5224, ದುಂಡು 1728, ಅದೂ 3:1. ಅಂದ್ರೆ ಎರಡು ಜೀನೂ ಬೇರೆಬೇರೆಯಾಗಿ ಮೆಂಡಲ್ ಹೇಳಿದ ಹಾಗೇ ನಡ್ಕೊಳ್ತಿವೆ, ಒಟ್ಟಿಗೆ ಸೇರಿದಾಗ ಮಾತ್ರ ಎಡವಟ್ಟು, ಅದೂ ಅಜ್ಜ-ಅಜ್ಜಿ ಥರದ ಎರಡು ಗುಂಪು ಜಾಸ್ತಿ, ಹೊಸ ಜೋಡಣೆಯ ಎರಡು ಗುಂಪು ಕಮ್ಮಿ. ಇದೇ ಲಿಂಕೇಜ್‌ನ ಗುರುತು. ಒಂದೊಂದಾಗಿ ಎಣಿಸಿದಾಗ್ಲೇ 3:1 ಬರ್ಲಿಲ್ಲ ಅಂದ್ರೆ ಕಾರಣ ಬೇರೆ ಹುಡುಕ್ಬೇಕು. ನಾಲ್ಕರ ಬದಲು ಎರಡೋ ಮೂರೋ ಗುಂಪು ಬಂದು 9:7, 12:3:1 ಥರ ಕೂಡಿದ್ರೆ 16 ಆಗೋ ರೇಶಿಯೋ ಇದ್ರೆ ಅದು ಒಂದು ಜೀನ್ ಇನ್ನೊಂದರ ಗುಣಾನ ಮುಚ್ಚಿಹಾಕೋ ಎಪಿಸ್ಟಾಸಿಸ್, ಅದಕ್ಕೆ ಲಿಂಕೇಜ್ ಅಂತ ಬರೆದ್ರೆ ತಪ್ಪು.

ಹಾಗಾದ್ರೆ 16 ಮನೆ ಯಾಕೆ ಕೈಕೊಡುತ್ತೆ ಅಂದ್ರೆ, ನೇರಳೆಗೆ A, ಉದ್ದಕ್ಕೆ B ಅಂತಿಟ್ಕೊಂಡು ಆ ಚೌಕದ ಅಂಚಲ್ಲಿ ನಾವು AB, Ab, aB, ab ಬರೆಯುವಾಗ ನಾಲ್ಕೂ ಸಮ, ತಲಾ ಕಾಲು ಭಾಗ ಅಂತ ಬಾಯಿಬಿಡದೆ ಒಪ್ಕೊಂಡಿರ್ತೀವಿ. ಎರಡು ಜೀನೂ ಒಂದೇ ಕ್ರೋಮೋಸೋಮ್ ಮೇಲೆ ಹತ್ರ ಕೂತಿದ್ರೆ AB, ab ಜೊತೆಜೊತೆಗೇ ಹೋಗ್ತವೆ, ಮಧ್ಯೆ ಕ್ರಾಸಿಂಗ್ ಓವರ್ ಆದಾಗ ಮಾತ್ರ Ab, aB ಹುಟ್ಟೋದು. ಎಷ್ಟು ಅಂತ ಲೆಕ್ಕ ಹಾಕೋಕೆ ಕೊನೇ ಗುಂಪು ಸಾಕು, ಯಾಕಂದ್ರೆ ಕೆಂಪು-ದುಂಡು ಆಗೋಕೆ ಎರಡೂ ಕಡೆಯಿಂದ ab ಬರ್ಲೇಬೇಕು.

```
1338/6952 = 0.1925
√0.1925 ≈ 0.44   (ab)
AB = 0.44, Ab = 0.06, aB = 0.06
```

ಹೊಸ ಜೋಡಣೆ ಒಟ್ಟು ಸುಮಾರು 12%. ಸರಿ ಇದ್ಯಾ ಅಂತ ನೋಡ್ಬೇಕಾ? ನೇರಳೆ-ದುಂಡು ಬರೋದು Ab ಜೊತೆ Ab, ಇಲ್ಲಾ Ab ಜೊತೆ ab ಸೇರಿದ್ರೆ, 0.06×0.06 + 2×0.06×0.44 = 0.0564, ಅದನ್ನ 6952ಕ್ಕೆ ಗುಣಿಸಿದ್ರೆ 392, ನಿಜವಾಗಿ ಎಣಿಸಿದ್ದು 390! ಚೌಕ ಹಾಳಾಗಿರ್ಲಿಲ್ಲ, ಅಂಚಿನ ನಂಬರ್ ಬದಲಾಯಿಸ್ಬೇಕಿತ್ತು ಅಷ್ಟೆ. ನಂಗೆ ಅವತ್ತು ತಲೇಲಿ ಲೈಟ್ ಹತ್ತಿದ್ದು ಇಲ್ಲೇ, ಮೆಣಸಿಗೆ ಕೋಳಿ ಬಾಯಿ ಹಾಕಿದ್ದೂ ಕಾಣ್ಲಿಲ್ಲ.

ಎಕ್ಸಾಮಲ್ಲಿ ಜಾಸ್ತಿ ಬರೋದು ಟೆಸ್ಟ್ ಕ್ರಾಸ್, ಅದು ಇದಕ್ಕಿಂತ ಸುಲಭ. ಅಲ್ಲಿ ಇನ್ನೊಂದು ಪೇರೆಂಟ್ aabb, ಹಾಗಾಗಿ ಮಕ್ಕಳ ಎಣಿಕೆನೇ ಗ್ಯಾಮೀಟ್ ಎಣಿಕೆ, ವರ್ಗಮೂಲ ಎಲ್ಲ ಬೇಡ. ಮಾರ್ಗನ್ ಅವರ ಹಣ್ಣುನೊಣದ ಲೆಕ್ಕ ನೋಡಿ, ಬೂದು ಮೈ-ಮಾಮೂಲಿ ರೆಕ್ಕೆ 965, ಕಪ್ಪು ಮೈ-ಮೊಟಕು ರೆಕ್ಕೆ 944, ಬೂದು-ಮೊಟಕು 206, ಕಪ್ಪು-ಮಾಮೂಲಿ 185. ಲಿಂಕ್ ಇಲ್ದಿದ್ರೆ 2300ರಲ್ಲಿ ತಲಾ 575 ಬರ್ಬೇಕು. ಸಣ್ಣ ಎರಡು ಗುಂಪು ಕೂಡಿಸಿ, 391, ಭಾಗಿಸು 2300, ಅಂದ್ರೆ 17%. ಇದು 50% ದಾಟಲ್ಲ, ಮತ್ತೆ 50% ಹತ್ರ ಬಂದ್ರೆ ಜೀನ್ ಒಂದೇ ಕ್ರೋಮೋಸೋಮಲ್ಲಿ ದೂರ ಇವೆಯೋ ಬೇರೆಬೇರೆ ಕ್ರೋಮೋಸೋಮಲ್ಲಿವೆಯೋ ಅಂತ ಈ ಒಂದು ಕ್ರಾಸಿಂದ ಹೇಳೋಕಾಗಲ್ಲ.

ಇನ್ನೊಂದು ಕಡೆ ಎಲ್ರೂ ಜಾರಿ ಬೀಳ್ತಾರೆ. AB, ab ಯಾವಾಗ್ಲೂ ಪೇರೆಂಟಲ್ ಅಂತ ಬಾಯಿಪಾಠ ಮಾಡ್ಬೇಡಿ. ಶುರುವಿನ ಕ್ರಾಸ್ AAbb × aaBB ಆಗಿದ್ರೆ ಟೆಸ್ಟ್ ಕ್ರಾಸಲ್ಲಿ ದೊಡ್ಡ ಗುಂಪು Ab ಮತ್ತು aB, ರಿಕಾಂಬಿನೆಂಟ್ ಅಂದ್ರೆ AB ಮತ್ತು ab. ಪ್ರಶ್ನೆಲಿ ಅಜ್ಜ-ಅಜ್ಜಿ ಯಾರು ಅಂತ ಹೇಳಿರದಿದ್ರೂ ಟೆಸ್ಟ್ ಕ್ರಾಸಲ್ಲಿ ದೊಡ್ಡ ನಂಬರಿನ ಜೋಡಿ ನೋಡಿದ್ರೆ ಅವರು ಯಾರು ಅಂತ ನೀವೇ ಹೇಳ್ಬಹುದು.